ಸಣ್ಣ ಕಂತಿನವರ ಸೋಮವಾರ

ನನ್ನ ಹೆಂಡತಿ ಶಿರಸಿಯಲ್ಲಿ ಆರೋಗ್ಯ ವಿಮೆಯ ಏಜೆಂಟ್. ನಿವೃತ್ತಿಯಾದ ಮೇಲೆ ನಾನು ಅವಳ ಸಂಬಳವಿಲ್ಲದ ಡ್ರೈವರ್. ಪ್ರತಿ ಸೋಮವಾರ ಅವಳು ನವೀಕರಣಕ್ಕೆ ಬಂದ ಪಾಲಿಸಿಗಳ ಪಟ್ಟಿ ತೆಗೆದು, ದೋಸೆ ತಿನ್ನುತ್ತಲೇ ವಿಂಗಡಿಸುತ್ತಾಳೆ. ಮೊದಲು ಉಳಿದ ದಿನಗಳ ಲೆಕ್ಕ: ಗಡುವು ದಾಟಿದರೂ ಕಟ್ಟಲು ಬಿಡುವ ರಿಯಾಯಿತಿ ದಿನಗಳಲ್ಲಿರುವವರು ಮೇಲೆ, ಈ ವಾರದವರು ಅವರ ಕೆಳಗೆ, ತಿಂಗಳೊಳಗಿನವರು ಕೊನೆಗೆ. ಆಮೇಲೆ ಪ್ರತಿ ಗುಂಪಿನೊಳಗೆ ಕಂತಿನ ಗಾತ್ರ. ಉಳಿದ ಏಜೆಂಟರು ದೊಡ್ಡ ಕಂತನ್ನು ಮೊದಲು ಹಿಡಿಯುತ್ತಾರೆ, ಕಮಿಷನ್ ಇರುವುದು ಅಲ್ಲೇ ತಾನೆ. ಇವಳದು ಉಲ್ಟಾ.

"ದೊಡ್ಡ ಕಂತಿನವ್ಕೆ ಫೋನ್ ಸಾಕು. ಸಣ್ಣ ಕಂತಿನವ್ರ ಮನೆಗೇ ಹೋಗ್ಬೇಕು," ಎನ್ನುತ್ತಾಳೆ.

ಆ ಸೋಮವಾರ ಪಟ್ಟಿಯ ತುದಿಯಲ್ಲಿ ಬಿಳಗಿಯ ಒಬ್ಬ ರೈತ. ರಿಯಾಯಿತಿಯಲ್ಲೂ ಉಳಿದದ್ದು ಮರುದಿನ ಒಂದೇ. ಫೋನ್ ಮಾಡಿದಾಗಲೆಲ್ಲ "ಆತು ಅಕ್ಕಾ" ಅಂದಿದ್ದನೇ ಹೊರತು ಕಟ್ಟಿರಲಿಲ್ಲ. ಹೊರಡುವ ಹೊತ್ತಿಗೆ ಪೇಟೆಯ ವ್ಯಾಪಾರಿಯೊಬ್ಬರ ಫೋನು. ಇಡೀ ಕುಟುಂಬದ ದೊಡ್ಡ ಪಾಲಿಸಿ, ಈಗಲೇ ಬರಬೇಕಂತೆ. ಅವರಿಗಿನ್ನೂ ಎರಡು ವಾರ ಇತ್ತು. ಇವಳು ನಾಳೆ ಬರುವೆನೆಂದಳು.

ನನಗೆ ಸಿಟ್ಟು ಬಂತು. "ಮನೆಗೆ ಬಂದ ಲಕ್ಷ್ಮಿನ ಒದ್ಯಡ," ಎಂದೆ.

"ಬೈಕ್ ತೆಗಿರಿ," ಎಂದಳು.

ಬಿಳಗಿಯಲ್ಲಿ ರೈತ ಖುಷಿಯಲ್ಲಿದ್ದ. ಹೆಂಡತಿಯ ಪಿತ್ತಕೋಶದ ಕಲ್ಲಿನ ಆಪರೇಷನ್ ಶುಕ್ರವಾರಕ್ಕೆ ನಿಕ್ಕಿ ಮಾಡಿಬಿಟ್ಟಿದ್ದ. ಕಲ್ಲು ಪಾಲಿಸಿಗಿಂತ ಮೊದಲೇ ಇದ್ದದ್ದು. ಅರ್ಜಿಯಲ್ಲಿ ಹಾಗೇ ಬರೆದಿದ್ದರಿಂದ ಮೂರು ವರ್ಷ ಅದಕ್ಕೆ ಹಣ ಸಿಗದೆಂಬ ಷರತ್ತಿತ್ತು.

"ಮೂರು ವರ್ಷ ಕಾಯ್ಬೇಕು ಅಂದಿದ್ರಿ. ಕಾಯ್ದಾತು, ಮೂರು ಕಂತೂ ಕಟ್ಟಾತು. ಇನ್ನೆಂತ ಕಟ್ಟೂದು ಅಕ್ಕಾ?" ಎಂದ.

ನನಗೆ ನಗು ಬಂತು. ಇವಳು ನಗಲಿಲ್ಲ. "ಇಷ್ಟು ವರ್ಷ ಬಾಗಿಲ ಹೊರಗೆ ಕಾಯ್ದ್ರಿ. ಈಗ ಬಾಗಿಲು ತೆಗೀತು. ಈ ವರ್ಷದ ಕಂತು ಕಟ್ಟಿದ್ರೆ ಮಾತ್ರ ಒಳಗೆ. ನಾಳೆ ದಾಟಿದ್ರೆ ಹೊಸ ಪಾಲಿಸಿ, ಮತ್ತೆ ಮೊದಲಿಂದ ಕಾಯೋದು. ಶುಕ್ರವಾರದ ಖರ್ಚು ಪೂರಾ ನಿಮ್ದೇ."

ಅವನ ಮುಖ ಬಾಡಿತು. ನೀರು ತಂದ ಅವನ ಹೆಂಡತಿ ಅಲ್ಲೇ ನಿಂತು ಗಂಡನತ್ತ ತಿರುಗಿದಳು. "ಮೊದ್ಲು ಕಟ್ರಿ, ಮಾತು ಆಮೇಲೆ," ಎಂದಳು.

ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ನಾಲ್ವರೂ ರಸ್ತೆಯ ಏರಿಗೆ ಹೋಗಿ ನಿಂತೆವು. ಅವನು ಫೋನಿನಲ್ಲೇ ಕಟ್ಟಿದ. ಕಂಪನಿಯ ಸಂದೇಶ ಬರುವವರೆಗೆ ಇವಳು ಕದಲಲಿಲ್ಲ. ಬಂದ ಮೇಲೂ ಹೊಸ ಅವಧಿಯ ತಾರೀಕನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದಳು.

ವ್ಯಾಪಾರಿ ಮರುದಿನ ತಕರಾರಿಲ್ಲದೆ ಕಟ್ಟಿದರು. ನನ್ನ ಲಕ್ಷ್ಮಿ ಎಲ್ಲಿಗೂ ಹೋಗಿರಲಿಲ್ಲ.

ಆಪರೇಷನ್ ಸಸೂತ್ರವಾಯಿತು, ಬಿಲ್ಲಿನ ಹೆಚ್ಚಿನ ಪಾಲನ್ನು ಕಂಪನಿ ಕಟ್ಟಿತು. ಶನಿವಾರ ನೋಡಲು ಹೋದಾಗ ಹಾಸಿಗೆಯ ಸುತ್ತ ಬಿಳಗಿಯ ನೆಂಟರೆಲ್ಲ ಸೇರಿ ಇವಳನ್ನು ಪಾಲಿಸಿಯ ಪ್ರಶ್ನೆ ಕೇಳುತ್ತಿದ್ದರು. ನಾನು ಬಾಗಿಲಲ್ಲೇ ಉಳಿದೆ. ನರ್ಸ್ ಬಂದು ನೀವ್ಯಾರು ಎಂದಳು. ಮೂವತ್ತು ವರ್ಷ ನೌಕರಿ ಮಾಡಿದವನು ನಾನು, ಹೇಳಿಕೊಳ್ಳಲು ಹುದ್ದೆಯೂ ಇತ್ತು.

"ಅಲ್ಲಿ ಕೂತಿದ್ದಾರಲ್ಲ, ಏಜೆಂಟ್ ಅಕ್ಕ," ಎಂದೆ, "ಅವರ ಗಂಡ."