ಕತ್ತರಿಯಕ್ಕನ ಎರಡು ಹಾಳೆ

ಗಾಜಿನ ಬಾಟಲಿ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಸಂಬಳದ ವಿಭಾಗದವರು ಮಾತ್ರ. ಉಳಿದವರಿಗೆಲ್ಲ ಅವಳು ಕತ್ತರಿಯಕ್ಕ. ಬಟ್ಟೆ ಹೊಲಿಯುವವಳಲ್ಲ, ಕೂದಲು ಕತ್ತರಿಸುವವಳೂ ಅಲ್ಲ. ಅವಳು ಕತ್ತರಿಸುವುದು ವರದಿಗಳನ್ನು. ಹೊರಗಿನ ತಜ್ಞರು ಬಂದು, ಅಳೆದು ಸುರಿದು, ದಿಂಬಿನಷ್ಟು ದಪ್ಪದ ವರದಿ ಬರೆದು ಕಳಿಸುತ್ತಾರಲ್ಲ, ಅದನ್ನು ಪೂರ್ತಿ ಓದುವ ತಾಳ್ಮೆ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ಅವಳೊಬ್ಬಳಿಗೆ. ಓದಿ, ಮೇಲಿನ ಮಹಡಿಯ ನಿರ್ದೇಶಕರಿಗೆ ಒಂದು ಪುಟದ ಸಾರಾಂಶ, ಕೆಳಗಿನ ಇಂಜಿನಿಯರು ಫೋರ್‌ಮನ್‌ಗಳಿಗೆ ನಾಲ್ಕು ಪುಟದ ಸಾರಾಂಶ ಬರೆದುಕೊಡುವುದು ಅವಳ ಕೆಲಸ.

ಈ ಕೆಲಸವನ್ನು ಹಗುರವಾಗಿ ಕಾಣುವವರಿಗೆ ಕಡಿಮೆಯೇನಿಲ್ಲ. ‘ಬರೆದದ್ದನ್ನು ಚಿಕ್ಕದು ಮಾಡೋದರಲ್ಲೇನಿದೆ’ ಎಂದು ಮೂಗು ಮುರಿಯುವವರು ಒಮ್ಮೆ ಕೂತು ಮಾಡಿ ನೋಡಬೇಕು. ಉದ್ದದ್ದನ್ನು ಗಿಡ್ಡ ಮಾಡುವುದು ಕೆಲಸವೇ ಅಲ್ಲ. ಯಾರಿಗೆ ಏನು ಬೇಡ ಎಂದು ಗೊತ್ತಿರುವುದು ಕೆಲಸ. ನಿರ್ದೇಶಕರು ಹಾಳೆ ಓದಿ ಏನನ್ನೋ ತೀರ್ಮಾನಿಸಬೇಕು. ಅವರಿಗೆ ಏನಾಗಿದೆ, ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಎಷ್ಟು ಖರ್ಚು, ಇಷ್ಟು ಸಾಕು. ಯಾವ ಕ್ಯಾಮೆರಾದಿಂದ ಗೋಡೆಯ ಬಿಸಿ ಅಳೆದರು ಎಂಬ ಪುರಾಣ ಹಾಕಿದರೆ ಎರಡನೇ ಸಾಲಿಗೇ ಅವರ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಇಂಜಿನಿಯರರು ಹಾಳೆ ಓದಿ ಏನನ್ನೋ ಮಾಡಬೇಕು. ಅವರಿಗೆ ಎಲ್ಲಿ ಅಳೆದರು, ಹೇಗೆ ಅಳೆದರು, ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಮುಖ್ಯ. ಮಾರುಕಟ್ಟೆಯ ಏರಿಳಿತದ ಅಧ್ಯಾಯವನ್ನು ಅವರ ಮುಂದಿಟ್ಟರೆ ಅದರ ಮೇಲೆ ಟೀ ಲೋಟ ಇಡುತ್ತಾರೆ. ಒಂದೇ ವರದಿ, ಎರಡು ಕಡೆಯಿಂದ ಎರಡು ಕತ್ತರಿ. ಎಷ್ಟೋ ವರ್ಷ ಹೀಗೇ ನಡೆದಿತ್ತು, ಒಬ್ಬರೂ ಬೊಟ್ಟು ಮಾಡಿ ತೋರಿಸುವಂಥ ತಪ್ಪು ಬಂದಿರಲಿಲ್ಲ. ಅವಳಿಗೆ ತನ್ನ ಕೈಯ ಮೇಲೆ ಭರವಸೆ ಇತ್ತು, ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟಿಲ್ಲದಿದ್ದರೆ ಹೇಗೆ.

ಆ ಸಲ ಬಂದದ್ದು ಕುಲುಮೆಯ ಗೋಡೆಯ ವರದಿ. ಗಾಜಿನ ಕುಲುಮೆ ಒಮ್ಮೆ ಹೊತ್ತಿಕೊಂಡರೆ ವರ್ಷಾನುಗಟ್ಟಲೆ ಆರುವುದಿಲ್ಲ. ಒಳಗೆ ಕರಗಿದ ಗಾಜು ಕೆರೆಯ ಹಾಗೆ ನಿಂತಿರುತ್ತದೆ. ಅದರ ಮೇಲ್ಮಟ್ಟ ಗೋಡೆಗೆ ತಾಗುವ ಗೆರೆಯಲ್ಲಿ, ಎಂಥ ಗಟ್ಟಿ ಕಲ್ಲನ್ನೂ ಅದು ಸವೆಸುತ್ತಾ ಹೋಗುತ್ತದೆ. ಹೊರಗಿನಿಂದ ಫ್ಯಾನಿನ ಗಾಳಿ ಊದಿ ಕಲ್ಲನ್ನು ತಣ್ಣಗಿಡುತ್ತಾರೆ. ಈಗ ಎಡಗೋಡೆಯ ಒಂದು ಕಲ್ಲು ಮೂರರಲ್ಲಿ ಒಂದು ಪಾಲಿನಷ್ಟೂ ಉಳಿದಿಲ್ಲವೆಂದು ತಜ್ಞರು ಬರೆದಿದ್ದರು. ಮುಂದಿನ ವರ್ಷದ ದೊಡ್ಡ ರಿಪೇರಿಯವರೆಗೆ ಕುಲುಮೆಯನ್ನು ಓಡಿಸಬಹುದು, ಆದರೆ ಮೂರು ಷರತ್ತು: ದಿನಕ್ಕೆ ತೆಗೆಯುವ ಗಾಜನ್ನು ಐದನೇ ಒಂದು ಪಾಲು ಕಡಿಮೆ ಮಾಡಬೇಕು, ಗಾಳಿ ಒಂದು ಗಳಿಗೆಯೂ ನಿಲ್ಲಬಾರದು, ಪ್ರತಿ ಪಾಳಿಯಲ್ಲೂ ಆ ಕಲ್ಲಿನ ಬಿಸಿ ನೋಡಬೇಕು.

ಕತ್ತರಿಯಕ್ಕ ಇಂಜಿನಿಯರರ ಹಾಳೆಯಲ್ಲಿ ಮೂರೂ ಷರತ್ತನ್ನು ಅಂಕಿಯ ಸಮೇತ ಬರೆದಳು. ಬರಲಿರುವ ಆರ್ಡರುಗಳ ಲೆಕ್ಕವಿದ್ದ ಮಾರಾಟದ ಅಧ್ಯಾಯವನ್ನು ಪೂರ್ತಿ ಕಿತ್ತು ಹಾಕಿದಳು. ನಿರ್ದೇಶಕರ ಹಾಳೆಯಲ್ಲಿ ಹೀಗೆ ಬರೆದಳು: ‘ವರದಿ ಹೇಳಿದ ಷರತ್ತುಗಳನ್ನು ಪಾಲಿಸಿದರೆ, ಮುಂದಿನ ರಿಪೇರಿಯವರೆಗೆ ಕುಲುಮೆಯನ್ನು ಓಡಿಸಬಹುದು.’ ಚೊಕ್ಕ ವಾಕ್ಯ. ಷರತ್ತು ಏನೆಂಬುದು ಕೆಳಗಿನವರ ಕೆಲಸ, ಮೇಲಿನವರಿಗೆ ಅದರ ಗೊಡವೆ ಏಕೆ ಎಂದುಕೊಂಡಳು. ಎರಡೂ ಹಾಳೆ ಕಳಿಸಿ, ಆ ಸಂಜೆ ನೆಮ್ಮದಿಯಾಗಿ ಮನೆಗೆ ಹೋದಳು.

ಭಾನುವಾರ ಅವಳ ತಮ್ಮ ಊಟಕ್ಕೆ ಬಂದ. ಕುಲುಮೆಯ ಬಳಿಯೇ ಪಾಳಿಯ ಫೋರ್‌ಮನ್ ಆಗಿರುವವನು. ಬೆಂಕಿಯ ಮುಂದೆ ನಿಂತು ನಿಂತು ಅವನ ಹುಬ್ಬು ಅರ್ಧ ಉದುರಿತ್ತು. ಸಾಮಾನ್ಯವಾಗಿ ತಟ್ಟೆಗೆ ಬಿದ್ದದ್ದನ್ನು ಮಾತಾಡದೆ ತಿನ್ನುವವನು ಅಂದು ತುತ್ತು ಕಲಸುತ್ತಾ ಕೂತಿದ್ದ.

“ಏನೋ ಅದು, ಉಪ್ಪು ಜಾಸ್ತಿಯಾಯ್ತಾ?” ಎಂದಳು ಅವಳು.

“ಊಟ ಚೆನ್ನಾಗಿದೆ ಅಕ್ಕ. ಬುಧವಾರದಿಂದ ಫರ್ನೇಸು ಪೂರ್ತಿ ಓಡಿಸ್ಬೇಕಂತೆ. ಬೋರ್ಡ್ ಮೇಲೆ ಹಾಕಿದಾರೆ. ಯಾವುದೋ ಪಾನೀಯದ ಕಂಪನಿ ದೊಡ್ಡ ಆರ್ಡರ್ ಕೊಡ್ತಿದೆ. ಮಂಗಳವಾರ ಸಹಿ.”

“ಪೂರ್ತಿ ಅಂದ್ರೆ? ಐದರಲ್ಲಿ ಒಂದು ಪಾಲು ಇಳಿಸ್ಬೇಕಲ್ವೇನೋ?”

“ಅದನ್ನೇ ನಾವೂ ಕೇಳಿದ್ವಿ. ಮೇಲಿನೋರು ವರದಿ ಓದೇ ತೀರ್ಮಾನ ಮಾಡಿದಾರೆ, ಅವರ ಹತ್ರ ಇನ್ನೇನೋ ಮಾಹಿತಿ ಇರ್ಬೇಕು ಅಂದ್ರು ನಮ್ಮ ಚೀಫ್. ನಮ್ಮ ಹಾಳೇಲಂತೂ ಆರ್ಡರ್ ಸುದ್ದೀನೇ ಇರ್ಲಿಲ್ಲ.”

ಕತ್ತರಿಯಕ್ಕನಿಗೆ ಆಗ ಹೊಳೆಯಿತು. ಮೇಲಿನವರ ಹತ್ತಿರ ಇನ್ನೇನೂ ಮಾಹಿತಿ ಇರಲಿಲ್ಲ. ಇದ್ದದ್ದು ಅವಳು ಬರೆದ ಒಂದು ಪುಟ. ಅದರಲ್ಲಿ ‘ಷರತ್ತು’ ಎಂಬ ಪದವಿತ್ತು, ಷರತ್ತು ಇರಲಿಲ್ಲ. ಕೆಳಗಿನವರ ಹಾಳೆಯಲ್ಲಿ ಷರತ್ತಿತ್ತು, ಅದಕ್ಕೆ ಅಡ್ಡ ಬರುವ ಆರ್ಡರ್ ಇರಲಿಲ್ಲ. ಕೆಳಗಿನವರು ನೋಡಿಕೊಳ್ಳುತ್ತಾರೆಂದು ಮೇಲಿನವರು ನೆಚ್ಚಿದ್ದರು, ಮೇಲಿನವರಿಗೆ ಗೊತ್ತಿದೆಯೆಂದು ಕೆಳಗಿನವರು ನೆಚ್ಚಿದ್ದರು. ಎರಡು ಹಾಳೆಯಲ್ಲೂ ಒಂದೇ ಒಂದು ಸುಳ್ಳಿರಲಿಲ್ಲ. ಎರಡನ್ನೂ ಓದಿದ್ದವಳು ಅವಳೊಬ್ಬಳೇ. ಆ ತೆಳ್ಳನೆಯ ಕಲ್ಲಿನ ಎದುರು ಬುಧವಾರ ನಿಲ್ಲುವವನು ಅವಳ ತಟ್ಟೆಯ ಎದುರು ಕೂತಿದ್ದ.

ಇಂಥ ಹೊತ್ತಿನಲ್ಲಿ ಅತ್ತು ಕರೆಯುವವರಿದ್ದಾರೆ, ತಪ್ಪನ್ನು ಹಂಚಲು ಜನ ಹುಡುಕುವವರಿದ್ದಾರೆ. ಅವಳ ಜಾಯಮಾನ ಅದಲ್ಲ. “ಊಟ ಮಾಡು, ನಾಳೆ ನಾನು ನೋಡ್ಕೋತೀನಿ” ಎಂದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಸೋಮವಾರ ಬೆಳಿಗ್ಗೆ ಅವಳು ಮೊದಲು ಹೋದದ್ದು ತನ್ನ ಮೇಲಧಿಕಾರಿಯ ಹತ್ತಿರ. ನಿಯಮವೇ ಹಾಗೆ. ಆತ ಹಾಳೆ ತಿರುಗಿಸಿ ನೋಡಿ, “ವಾಕ್ಯ ಸರಿಯಾಗೇ ಇದೆಯಲ್ಲಮ್ಮ. ಷರತ್ತು ಅಂತ ಬರೆದಿದ್ದೀರಿ. ಬೇಕಾದ್ರೆ ಮುಂದಿನ ತಿಂಗಳ ಸಭೆಗೆ ಒಂದು ತಿದ್ದುಪಡಿ ಹಾಕೋಣ” ಎಂದ. ಮಹಾಶಯನಿಗೆ ಮುಂದಿನ ತಿಂಗಳೆಂದರೆ ಎಲ್ಲ ಕಷ್ಟಕ್ಕೂ ಮದ್ದು.

“ಮುಂದಿನ ತಿಂಗಳು ತಿದ್ದೋಕೆ ಗೋಡೆ ಇರ್ಬೇಕಲ್ಲ ಸಾರ್” ಎಂದು ಅವಳು ನೇರ ಮೆಟ್ಟಿಲು ಹತ್ತಿದಳು.

ವ್ಯವಸ್ಥಾಪಕ ನಿರ್ದೇಶಕಿಯ ಕೋಣೆಯಲ್ಲಿ ಮೇಜು ದೊಡ್ಡದು, ಅದರ ಮೇಲೆ ಕಾಗದ ಕಡಿಮೆ. ಆಕೆ ಮಾತು ಕಡಿಮೆಯ ಹೆಂಗಸು, ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು ಓದುವವರು. ಕತ್ತರಿಯಕ್ಕ ಎರಡೂ ಸಾರಾಂಶವನ್ನು ಪಕ್ಕಪಕ್ಕ ಇಟ್ಟಳು.

“ಮೇಡಂ, ಎರಡನ್ನೂ ನಾನೇ ಬರೆದಿದ್ದು. ನಿಮ್ಮದರಲ್ಲಿ ಷರತ್ತು ಏನು ಅಂತ ಬಿಟ್ಟಿದೀನಿ. ಅವರದರಲ್ಲಿದೆ, ಇಲ್ಲಿ.”

ನಿರ್ದೇಶಕಿಯ ಬೆರಳು ನಿಧಾನಕ್ಕೆ ಹರಿದು, ಐದನೇ ಒಂದು ಪಾಲಿನ ಮೇಲೆ ನಿಂತಿತು.

“ಇದು ನನ್ನ ಹಾಳೇಲಿ ಯಾಕಿಲ್ಲ?”

“ಇಂಜಿನಿಯರರ ಅಂಕಿ ಅಂದ್ಕೊಂಡೆ. ಆದ್ರೆ ಎಷ್ಟು ಬಾಟಲಿ ಒಪ್ಕೋಬೇಕು ಅನ್ನೋದು ನಿಮ್ಮ ಕೈಲಿರೋದು. ಹಾಗಾಗಿ ಇದು ನಿಮ್ಮ ಅಂಕಿ. ತಪ್ಪು ನಂದೇ.”

“ಈಗ ಯಾವ ಹಾಳೆ ಸರಿ?”

“ಎರಡೂ ಸರಿ ಮೇಡಂ. ಒಂದನ್ನೇ ಓದಿದೋರು ತಪ್ಪು ದಾರಿ ಹಿಡೀತಾರೆ, ಅಷ್ಟೇ. ಹೊಸದು ಬರೆದು ತಂದಿದೀನಿ.”

ಹೊಸ ಹಾಳೆಯೂ ಒಂದೇ ಪುಟ. ಕ್ಯಾಮೆರಾದ ಪುರಾಣ ಅಲ್ಲೂ ಇರಲಿಲ್ಲ. ಆದರೆ ಮೊದಲ ಸಾಲಿನಲ್ಲೇ, ಉತ್ಪಾದನೆ ಐದನೇ ಒಂದು ಪಾಲು ಇಳಿಸಿದರೆ ಮಾತ್ರ ಕುಲುಮೆ ಓಡಬಹುದು ಎಂದಿತ್ತು. ನಿರ್ದೇಶಕಿ ಎರಡು ಸಲ ಓದಿದರು. ಮಾರಾಟದವರನ್ನು ಕರೆಸಿದರು. ಕೋಣೆಯಲ್ಲಿ ಸ್ವಲ್ಪ ಬಿಸಿ ಮಾತು ನಡೆಯಿತು, ಮಾರಾಟದವನ ಮುಖ ಹರಳೆಣ್ಣೆ ಕುಡಿದಂತಾಯಿತು. ಕೊನೆಗೆ, ಕುಲುಮೆ ತಾಳುವಷ್ಟು ಬಾಟಲಿಗೆ ಮಾತ್ರ ಸಹಿ, ಉಳಿದದ್ದು ರಿಪೇರಿ ಆದಮೇಲೆ, ಒಪ್ಪದಿದ್ದರೆ ಆರ್ಡರೇ ಬೇಡ ಎಂದು ತೀರ್ಮಾನವಾಯಿತು. ಪಾನೀಯದ ಕಂಪನಿ ಗೊಣಗುತ್ತಲೇ ಒಪ್ಪಿತು. ಬುಧವಾರ ಬೋರ್ಡಿನ ಮೇಲಿನ ಅಂಕಿ ಇಳಿದಿತ್ತು.

ಕೈತಪ್ಪಿದ್ದನ್ನು ತಾನೇ ಹಿಡಿದು, ತಾನೇ ತಿದ್ದಿದ ಸಮಾಧಾನದಲ್ಲಿ ಕತ್ತರಿಯಕ್ಕ ಆ ದಿನ ಕುಲುಮೆಯತ್ತ ಹೋದಳು. ಪಾಳಿ ಬದಲಾಗುವ ಹೊತ್ತು. ಗಾಳಿಯ ಫ್ಯಾನುಗಳ ಸದ್ದಿನಲ್ಲಿ ಮಾತು ಕೇಳಿಸದು. ತಮ್ಮನನ್ನು ಪಕ್ಕದ ಗಾಜಿನ ಗೋಡೆಯ ಕೋಣೆಗೆ ಕರೆದು, ನಿರ್ದೇಶಕಿಗೆ ಕೊಟ್ಟ ಹೊಸ ಹಾಳೆಯ ಪ್ರತಿಯನ್ನು ಅವನ ಕೈಗಿಟ್ಟಳು. ಶಹಬ್ಬಾಸ್ ಎನ್ನಲಿ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಬೇಕು.

ಮೇಲಿನವರ ಹಾಳೆಯನ್ನು ಅವನು ನೋಡಿದ್ದು ಅದೇ ಮೊದಲು. ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓದಿದ. ಅರ್ಧಕ್ಕೆ ಬಂದು ನಿಂತ.

“ಇದು ಮೊದಲಿನ ಹಾಳೇಲೂ ಇತ್ತಾ?” ಎಂದು ಒಂದು ಸಾಲು ತೋರಿಸಿದ.

‘ಗೋಡೆ ಒಡೆದರೆ ಕರಗಿದ ಗಾಜು ಹೊರಗೆ ನುಗ್ಗುತ್ತದೆ. ಎದುರಿಗಿರುವ ಕೆಲಸಗಾರರು ಬದುಕುಳಿಯುವ ಸಂಭವ ಕಡಿಮೆ.’

“ಇತ್ತು. ಅದಿಲ್ದೆ ಮೇಲಿನೋರಿಗೆ ವಿಷಯದ ತೂಕ ಗೊತ್ತಾಗೋದು ಹೇಗೆ?”

“ನಮ್ಮ ನಾಲ್ಕು ಪುಟದಲ್ಲಿ ಇರ್ಲಿಲ್ಲ. ‘ಸೋರಿಕೆಯ ಸಾಧ್ಯತೆ’ ಅಂತಷ್ಟೇ ಇತ್ತು.”

“ನಿಮಗೆ ಗೊತ್ತಿರೋದೇ ಅಲ್ವೇನೋ. ಫರ್ನೇಸ್ ಮುಂದೆ ನಿಂತೋರಿಗೆ ಅದನ್ನ ನಾನು ಬರೆದು ಹೇಳ್ಬೇಕಾ? ಅದಕ್ಕೇ ತೆಗೆದೆ.”

ಅವನು ಹಾಳೆಯನ್ನು ಮಡಿಸಲಿಲ್ಲ. ಇನ್ನೊಮ್ಮೆ ಆ ಸಾಲನ್ನೇ ಓದಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ತಟ್ಟಿತು.

“ಗೊತ್ತಿತ್ತಕ್ಕ. ಸೋರಿದ್ರೆ ಗಾಜನ್ನ ಹೆಪ್ಪುಗಟ್ಟಿಸೋಕೆ ನೀರಿನ ಪೈಪು ಹಿಡ್ಕೊಂಡು ಮೊದಲು ಓಡೋದು ನಾವೇ ತಾನೇ. ಮೇಲಿನೋರಿಗೂ ಗೊತ್ತಿದೆ ಅನ್ನೋದು ನಮಗೆ ಗೊತ್ತಿರ್ಲಿಲ್ಲ. ಮೂರು ದಿನ ನಮ್ಮ ಹುಡುಗರೆಲ್ಲ, ನಾವು ಸತ್ರೂ ಅವರ ಲೆಕ್ಕಕ್ಕಿಲ್ಲ ಅಂತ ಮಾತಾಡ್ಕೊಂಡ್ರು. ಈ ಸಾಲು ನೋಡಿದ್ದಿದ್ರೆ, ಎಲ್ಲೋ ತಪ್ಪಾಗಿದೆ ಅಂತ ಅವತ್ತೇ ಮೇಲೆ ಹೋಗಿ ಕೇಳ್ತಿದ್ವಿ.”

ಯಾರಿಗೆ ಏನು ಬೇಡ ಎಂದು ತನಗೆ ಗೊತ್ತು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

“ಕೊಡು ಇಲ್ಲಿ” ಎಂದು ಹಾಳೆಗೆ ಕೈ ಚಾಚಿದಳು. “ನಿಮ್ಮದಕ್ಕೂ ಸೇರಿಸ್ತೀನಿ. ಸಂಜೆಯೊಳಗೆ ಹೊಸದು ಬರುತ್ತೆ.”

“ಹೊಸದು ಆಮೇಲೆ ಬರ್ಲಿ” ಎಂದ ಅವನು. ಹಾಳೆಯನ್ನು ಅವಳ ಕೈಗೆ ಕೊಡದೆ ಫ್ಯಾನುಗಳ ಸದ್ದಿನೊಳಕ್ಕೆ ನಡೆದ. ಪಾಳಿಗೆ ಬಂದವರು, ಪಾಳಿ ಮುಗಿಸಿದವರು ಅವನ ಸುತ್ತ ಸೇರಿದರು. ಅವನು ಬೆರಳಿಟ್ಟು ತೋರಿಸಿದ ಆ ಒಂದು ಸಾಲನ್ನು ಅವರು ಒಬ್ಬರಾದ ಮೇಲೊಬ್ಬರು ಬಗ್ಗಿ ಓದುವುದನ್ನು ಅವಳು ಗಾಜಿನಾಚೆಯಿಂದ ನೋಡುತ್ತಾ ನಿಂತಳು.