ಶುಕ್ರವಾರದ ನೀರು

ನಮ್ಮ ಆಫೀಸು ರಾಜಾಜಿನಗರದ ಹಳೆಯ ಕಟ್ಟಡದಲ್ಲಿದ್ದಾಗ ನನ್ನ ಮೇಜಿನ ಪಕ್ಕ ಕಿಟಕಿಯಿತ್ತು, ಕಿಟಕಿಯಾಚೆ ಹೊಂಗೆಮರವಿತ್ತು. ಅದೇ ರಸ್ತೆಯ ಹೊಸ ಕಟ್ಟಡಕ್ಕೆ ಬಂದಮೇಲೆ ಕಿಟಕಿಗಳೆಲ್ಲ ಮ್ಯಾನೇಜರುಗಳ ಪಾಲಾದವು. ಇಪ್ಪತ್ತೆರಡು ವರ್ಷ ವಿಮೆಯ ಕ್ಲೇಮು ಫೈಲು ನೋಡಿದ ನನಗೆ ಸಿಕ್ಕಿದ್ದು ಹಾಲಿನ ನಟ್ಟನಡುವಿನ ಕ್ಯೂಬಿಕಲ್. ಮೂರು ಕಡೆ ಬೂದುಬಣ್ಣದ ಅಡ್ಡಗೋಡೆ, ತಲೆಯ ಮೇಲೆ ಬಿಳಿ ಲೈಟು. ಹೊರಗೆ ಮಳೆ ಬಂದರೆ ಗೊತ್ತಾಗುತ್ತಿದ್ದುದು ಯಾರಾದರೂ ಒದ್ದೆ ಕೊಡೆ ಹಿಡಿದು ಒಳಬಂದಾಗಲೇ. ಕಣ್ಣೆದುರು ಬೆಳೆಯುವಂಥದ್ದು ಏನಾದರೊಂದು ಇರಲೇಬೇಕು ಅನ್ನಿಸತೊಡಗಿತು. ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಇದನ್ನು ಬರಿ ಮಾತಿಗೆ ಹೇಳುತ್ತಿಲ್ಲ.

ಹಾಗನ್ನಿಸಿದ್ದು ನನಗೊಬ್ಬಳಿಗೇ ಅಲ್ಲ. ನನಗಿಂತ ಮೊದಲೇ ಮೂರು ಜನ ಗಿಡ ತಂದಿಟ್ಟಿದ್ದರು. ಒಬ್ಬರು ಗುಲಾಬಿ ತಂದರು. ಅದು ಮೊಗ್ಗನ್ನೂ ಎಲೆಯನ್ನೂ ಒಟ್ಟಿಗೇ ಉದುರಿಸಿ ಕಡ್ಡಿಯಾಯಿತು. ಹೊಸದಾಗಿ ಸೇರಿದ ಹುಡುಗಿ ದುಡ್ಡು ಬರುತ್ತದೆಂದು ಯಾವುದೋ ವಿಡಿಯೋ ನೋಡಿ ಜೇಡ್ ಗಿಡ ತಂದಳು. ಬಿಸಿಲು ಎಲ್ಲಿದೆಯೆಂದು ಹುಡುಕುತ್ತ ಅದು ಬಡಕಲಾಗಿ ಉದ್ದುದ್ದ ಬೆಳೆದು ಮಗುಚಿಕೊಂಡಿತು. ಇನ್ನೊಬ್ಬ ಮಹಾನುಭಾವರು ತುಳಸಿಯನ್ನೇ ತಂದರು. ಎರಡು ವಾರಕ್ಕೆ ಒಣಗಿದ ತುಳಸಿಯನ್ನು ಡಸ್ಟ್‌ಬಿನ್ನಿಗೆ ಹಾಕಬಹುದೋ ಬಾರದೋ ಎಂಬ ಚರ್ಚೆ ಎರಡು ದಿನ ನಡೆಯಿತು. ಅಷ್ಟು ಹೊತ್ತು ನಾವು ಯಾವ ಕ್ಲೇಮನ್ನೂ ಚರ್ಚಿಸಿದ್ದಿಲ್ಲ. ಅಷ್ಟರಲ್ಲಿ ಒದ್ದೆ ಮಣ್ಣಿನಿಂದ ಸಣ್ಣ ನೊಣಗಳು ಎದ್ದು ಎಲ್ಲರ ಟೀ ಮೇಲೆ ಹಾರಾಡಿದವು.

ಅಡ್ಮಿನ್ ಸಾಹೇಬರಿಗೆ ಇಷ್ಟು ಸಾಕಾಯಿತು. "ಎಲ್ಲಾ ತೆಗೀರಿ. ಪ್ಲಾಸ್ಟಿಕ್ ತರಿಸ್ತೀನಿ, ಅದಕ್ಕೆ ಸಾವೇ ಇಲ್ಲ" ಎಂದರು. ನಾನು ಬಿಡಲಿಲ್ಲ. "ಸಾರ್, ಗಿಡದ ತಪ್ಪಲ್ಲ, ಆರಿಸೋರ ತಪ್ಪು. ನನಗೊಂದು ಚಾನ್ಸ್ ಕೊಡಿ" ಎಂದೆ. ಆಯುಧಪೂಜೆಯವರೆಗೆ ಗಡುವು ಸಿಕ್ಕಿತು. ಅಲ್ಲಿಯತನಕ ನನ್ನ ಒಂದು ಗಿಡ ಬದುಕಿದರೆ ಬೇಕಾದವರೆಲ್ಲ ಗಿಡ ಇಟ್ಟುಕೊಳ್ಳಬಹುದು, ಸತ್ತರೆ ಹಾಲಿಗೆಲ್ಲ ಪ್ಲಾಸ್ಟಿಕ್.

ನಾಗರಭಾವಿಯ ರಿಂಗ್ ರೋಡಿನ ಪಕ್ಕದ ನರ್ಸರಿಗೆ ಹೋದೆ. ನರ್ಸರಿಯವನು ಗಿಡ ತೋರಿಸುವ ಮೊದಲು ನನ್ನನ್ನೇ ವಿಚಾರಿಸಿದ.

"ಕಿಟಕಿ ಎಷ್ಟು ದೂರ ಮೇಡಂ?"

"ನನ್ನ ಹಣೇಲಿ ಕಿಟಕಿ ಬರೆದಿಲ್ಲಪ್ಪ."

"ಮೇಲಿನ ಲೈಟು ಎಷ್ಟೊತ್ತು ಉರಿಯತ್ತೆ?"

"ಬೆಳಿಗ್ಗೆ ಎಂಟರಿಂದ ಸಂಜೆ ಏಳು. ಶನಿವಾರ, ಭಾನುವಾರ ಕತ್ತಲೆ. ಕೇಳೋರು ಯಾರೂ ಇರಲ್ಲ."

ಹೂ ಬಿಡುವುದೆಲ್ಲವನ್ನೂ ಅವನು ಪಕ್ಕಕ್ಕೆ ಸರಿಸಿಬಿಟ್ಟ. ಉಳಿದದ್ದು ಮೂರು: ಮನಿ ಪ್ಲಾಂಟು, ಕತ್ತಿಯ ಹಾಗೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟು, ಮತ್ತೆ ದಪ್ಪ ಎಲೆಯ ಝೀಝೀ. ನಾನು ಝೀಝೀ ಎತ್ತಿಕೊಂಡೆ.

"ಇದರ ಬುಡದಲ್ಲಿ ಆಲೂಗಡ್ಡೆ ತರ ಗಡ್ಡೆ ಇದೆ, ನೀರೆಲ್ಲ ಅದರಲ್ಲೇ ಇಟ್ಕೊಳತ್ತೆ. ತಿಂಗಳು ಮರೆತ್ರೂ ಏನೂ ಆಗಲ್ಲ. ಆದ್ರೆ ಉಪಚಾರ ಜಾಸ್ತಿ ಮಾಡಿದ್ರೆ ಕೊಳೆತು ಹೋಗತ್ತೆ. ಎರಡು ಗೆಣ್ಣು ಬೆರಳು ಒಳಗಿಟ್ಟು ನೋಡಿ, ಪೂರ್ತಿ ಒಣಗಿದ್ರೆ ಮಾತ್ರ ನೀರು ಹಾಕಿ" ಎಂದ. ತೆಂಗಿನ ನಾರಿನ ಪುಡಿಯ ಕೊಕೊಪೀಟು ನೀರು ಹಿಡಿದುಕೊಳ್ಳುತ್ತದೆಂದು ಅದಕ್ಕೆ ದಪ್ಪ ಮರಳು ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ಹಾಕಿಕೊಟ್ಟ. ಫೈಲಿನ ಮೇಲೆ ನೀರು ಸೋರಬಾರದೆಂದು ನಾನು ಆ ಕುಂಡವನ್ನು ತೂತಿಲ್ಲದ ಬಿಳಿ ಪಿಂಗಾಣಿ ಕುಂಡದೊಳಗೆ ಕೂರಿಸಿದೆ. ಹೊರಗಿನ ಕುಂಡದಲ್ಲಿ ನೀರು ನಿಂತರೆ ಚೆಲ್ಲಬೇಕೆಂದೂ ಅವನು ಹೇಳಿದ್ದ. ನಾನು ನೀರೇ ಹಾಕದಿದ್ದರೆ ನಿಲ್ಲುವುದೆಲ್ಲಿಂದ ಎಂದುಕೊಂಡೆ.

ಎರಡು ತಿಂಗಳು ನನ್ನ ಗಿಡ ಮಿರಮಿರ ಮಿಂಚಿತು, ನಾನೂ ಮೆರೆದೆ. ತುಳಸಿಯ ಮಹಾನುಭಾವರಿಗೆ ಬೆಳಕಿನ ಬಗ್ಗೆ ದಿನಾ ಪಾಠ ಹೇಳಿದೆ. ಮಣ್ಣನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದೆ. ಎಸಿ ಗಾಳಿಗೆ ಮೇಲೆ ಸದಾ ಒಣಗಿರುತ್ತಿತ್ತು. ಎರಡು ಗೆಣ್ಣು ಒಳಗಿಟ್ಟರೆ ಉಗುರೊಳಗೆ ಮಣ್ಣು ಸೇರುತ್ತದಲ್ಲ, ಅಷ್ಟೊಂದು ನನ್ನಿಂದಾಗದು.

ಒಂದು ಸೋಮವಾರ ಬೇಗ ಬಂದೆ. ನಮ್ಮ ಮಹಡಿ ಗುಡಿಸಿ ಒರೆಸುವ ಅಕ್ಕ ಕೈಯಲ್ಲಿ ಮಗ್ಗು ಹಿಡಿದು ನನ್ನ ಗಿಡದ ಮೇಲೆ ಬಗ್ಗಿದ್ದರು. ನನ್ನ ಪಿತ್ತ ನೆತ್ತಿಗೇರಿತು. "ನೀರು ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು!" ಎಂದು ರೇಗಿದೆ. ಹಿಂದೆ ಒಂದು ಸಲವೂ ಹೇಳಿರಲಿಲ್ಲ. ಅವರು ಏನೋ ಹೇಳಲು ಬಾಯಿ ತೆರೆದರು, ನಾನು ಕೇಳಲಿಲ್ಲ. ಮಧ್ಯಾಹ್ನ ಅವರ ಸೂಪರ್‌ವೈಸರಿಗೂ ದೂರಿದೆ. ಮರುವಾರದಿಂದ ಅಕ್ಕನನ್ನು ಮೂರನೇ ಮಹಡಿಗೆ ಹಾಕಿದರು. ಗೆದ್ದೆ ಎಂದುಕೊಂಡೆ.

ಆಮೇಲೆ ಎಲೆ ಹಳದಿಯಾಗತೊಡಗಿತು. ಆಯುಧಪೂಜೆಗೆ ನಾಲ್ಕು ದಿನವಿದ್ದಾಗ ದಂಟುಗಳೆಲ್ಲ ಬುಡದಿಂದಲೇ ವಾಲಿಕೊಂಡವು. ಮುಟ್ಟಿದರೆ ಒಂದು ಕೈಗೇ ಬಂತು, ಜೊತೆಗೆ ಚರಂಡಿಯ ವಾಸನೆ. ನಾನು ಮೂರನೇ ಮಹಡಿಗೆ ಓಡಿದೆ. ಕ್ಷಮೆ ಕೇಳಲಿಕ್ಕೆ ಅಂತ ತಿಳಿಯಬೇಡಿ, ಗಿಡಕ್ಕೆ ಏನು ಹಾಕಿದ್ದಿರಿ ಎಂದು ಜಬರಿಸಲಿಕ್ಕೆ.

ಅಕ್ಕ ಕೆಳಗಿಳಿದು ಬಂದರು. ಒಳಗಿನ ಕುಂಡ ಎತ್ತಿದರು. ಪಿಂಗಾಣಿ ಕುಂಡದಲ್ಲಿ ನಾಲ್ಕು ಬೆರಳು ಕಪ್ಪು ನೀರು.

"ನಾನು ನೀರು ಹಾಕ್ತಿರಲಿಲ್ಲ ಮೇಡಂ, ತೆಗೀತಿದ್ದೆ. ಸೋಮವಾರ ಸೋಮವಾರ ಒಂದ್ ಮಗ್ಗು ಇರೋದು."

"ಹಾಕ್ತಿದ್ದೋರು ಯಾರು ಮತ್ತೆ?"

"ಎಲ್ರೂ. ಶುಕ್ರವಾರ ಮನೆಗೆ ಹೋಗ್ತಾ ಬಾಟ್ಲಿ ಖಾಲಿ ಮಾಡ್ತಾರಲ್ಲ. ಅಲ್ಲಿ ಬರೆದಿದೆಯಲ್ಲ ಮೇಡಂ, ಹಂಗೇ ಮಾಡ್ತಾರೆ."

ಅವರು ಕೈ ತೋರಿಸಿದ್ದು ನೀರಿನ ಫಿಲ್ಟರಿನ ಮೇಲಿನ ಚೀಟಿಯನ್ನು. 'ಕುಡಿದುಳಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಗಿಡಕ್ಕೆ ಹಾಕಿ.' ಊರಲ್ಲಿ ನೀರಿಗೆ ಹಾಹಾಕಾರವಿದ್ದ ಬೇಸಿಗೆಯಲ್ಲಿ ಅಂಟಿಸಿದ್ದು. ಆಗ ಹಾಲಿನಲ್ಲಿ ಮೂರು ಗಿಡವಿದ್ದವು, ಈಗ ಹದಿನೈದು ಬಾಟಲಿಗೆ ನನ್ನದೊಂದೇ. ದುಂಡನೆಯ ಅಕ್ಷರ, ಕೆಳಗೆ ಎರಡು ಸಲ ಗೆರೆ. ಅಕ್ಷರ ನನ್ನದು. ಗೆರೆಯೂ ನನ್ನದೇ.

"ತಪ್ಪಾಯ್ತು ಅಕ್ಕ" ಎಂದೆ. ಅವರು ಮೆತ್ತಗಾದ ಗಡ್ಡೆಗಳನ್ನೆಲ್ಲ ಹಿಸುಕಿ ನೋಡಿ ಬಿಸಾಡಿದರು. ಒಂದು ಮಾತ್ರ ಗಟ್ಟಿಯಿತ್ತು. ಅದನ್ನು ಪೇಪರಿನಲ್ಲಿ ಸುತ್ತಿ, "ಒಣಗಲಿ" ಎಂದು ತೆಗೆದುಕೊಂಡು ಹೋದರು.

ಚೀಟಿಯನ್ನು ನಾನು ಕಿತ್ತುಹಾಕಿದೆ. ಆಯುಧಪೂಜೆಯ ದಿನ ಅಡ್ಮಿನ್ ಸಾಹೇಬರು ಪ್ರತಿ ಮೇಜಿಗೂ ಒಂದೊಂದು ಪ್ಲಾಸ್ಟಿಕ್ ಗಿಡ ಹಂಚಿದರು. ಕಂಪ್ಯೂಟರಿನ ಜೊತೆಗೆ ಅದಕ್ಕೂ ಅರಿಶಿನ ಕುಂಕುಮವಾಯಿತು. ತುಳಸಿಯ ಮಹಾನುಭಾವರು ನನ್ನದರ ಎಲೆ ಸವರಿ, "ಇದಕ್ಕೆ ಬೆಳಕು ಸಾಕಾಗತ್ತಾ ಮೇಡಂ?" ಎಂದು ಕೇಳಿದರು. ಹತ್ತು ದಿನವಾದ ಮೇಲೆ ಒಂದು ಸೋಮವಾರ ನೋಡಿದರೆ ಆ ಪ್ಲಾಸ್ಟಿಕ್ ಕುಂಡದಲ್ಲೂ ನೀರು ನಿಂತಿತ್ತು.

ಮಳೆಗಾಲ ಕಳೆದು, ಚಳಿಯೂ ಮುಗಿಯುತ್ತ ಬಂದಾಗ ಒಂದು ಕಡತಕ್ಕಾಗಿ ಮೂರನೇ ಮಹಡಿಗೆ ಹೋಗಿದ್ದೆ. ಅಕ್ಕ ಊಟದ ಡಬ್ಬಿ ಬಿಚ್ಚುವ ಪ್ಯಾಂಟ್ರಿಯ ಮೂಲೆಯಲ್ಲಿ, ಹಗಲೆಲ್ಲ ಉರಿಯುವ ಟ್ಯೂಬ್‌ಲೈಟಿನ ಕೆಳಗೆ, ತಳಕ್ಕೆ ತೂತು ಕೊರೆದ ಹಳೆಯ ಪೇಂಟ್ ಡಬ್ಬಿಯೊಂದಿತ್ತು. ಅದರಲ್ಲಿ ಹೆಬ್ಬೆರಳುದ್ದದ ಎಳೆಹಸಿರು ಮೊಳಕೆ. ನನ್ನ ಕಣ್ಣು ತುಂಬಿಬಂತು. ಅಡ್ಮಿನ್ ಸಾಹೇಬರ ಜೊತೆ ಇನ್ನೊಂದು ಸಲ ಜಗಳ ಮಾಡುವ ಹುಮ್ಮಸ್ಸೂ ಬಂತು.

"ಕೊಡಿ ಅಕ್ಕ, ಕೆಳಗೆ ನನ್ನ ಮೇಜಿಗೆ ಒಯ್ತೀನಿ. ಈ ಸಲ ಸರಿಯಾಗಿ ನೋಡ್ಕೊತೀನಿ."

ಅಕ್ಕ ಡಬ್ಬಿಯನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಂಡರು.

"ಇಲ್ಲೇ ಇರ್ಲಿ ಬಿಡಿ ಮೇಡಂ. ಕೆಳಗೆ ಎಲ್ರೂ ತುಂಬಾ ಒಳ್ಳೆಯೋರು."