ಕೇಳಿದ್ದಕ್ಕಷ್ಟೇ ಉತ್ತರ

ನಮ್ಮ ಮನೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅಕ್ಕನಿಗೆ ಮುಂಡರಗಿಯ ಶಾಲೆಯಲ್ಲಿ ನೌಕರಿ ಸಿಕ್ಕಿದ್ದು ನನ್ನ ವಾದದಿಂದ ಎಂದು. ಬೆಟಗೇರಿಯ ನಮ್ಮ ಪಡಸಾಲೆಗೆ ಯಾರೇ ಬಂದು ಕುಳಿತರೂ ಅಪ್ಪ ಮಗ್ಗ ನಿಲ್ಲಿಸಿ ಹೇಳುತ್ತಾನೆ: “ಸಣ್ಣಾಕಿ ವಾದಾ ಮಾಡಿದ್ಲು, ದೊಡ್ಡಾಕಿಗೆ ನೌಕರಿ ಆತು.” ಕೇಳಲು ಹಿತವಾಗಿದೆ. ಆದರೆ ಗದಗಿನ ಕಾಲೇಜಿನಿಂದ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಹೋದವಳು ನಾನು. ಒಂದರ ಹಿಂದೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಹಾಗಾಗಿ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಕ್ಕ ಲಕ್ಷ್ಮೇಶ್ವರದ ಗಂಡನ ಮನೆಯಿಂದ ಬಂದು ಎರಡು ವರ್ಷವಾಗಿತ್ತು. ಕೋರ್ಟಿಗೆ ಹೋಗಿರಲಿಲ್ಲ, ತಿರುಗಿ ಹೋಗುವ ಮಾತೂ ಇರಲಿಲ್ಲ. ಅಲ್ಲಿದ್ದಾಗ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಕಲಿಸಿದ್ದಳು. ಮುಂಡರಗಿಯ ಶಾಲೆಯೊಂದಕ್ಕೆ ಕನ್ನಡ ಶಿಕ್ಷಕಿ ಬೇಕೆಂಬ ಜಾಹೀರಾತು ಪೇಪರಿನಲ್ಲಿ ಬಂದಾಗ ಅದನ್ನು ಕತ್ತರಿಸಿ ಇಟ್ಟುಕೊಂಡವಳು ಅವಳೇ.

“ಇದೊಂದು ಸಿಕ್ರ ಸಾಕು ನೋಡ,” ಎಂದಳು. “ಬಂದೋರೆಲ್ಲಾ ‘ಯಾವಾಗ ಹೊಂಟಿ ಗಂಡನ ಊರಿಗೆ’ ಅಂತ ಕೇಳ್ತಾರಲ್ಲ, ‘ನಾಳಿ ಮುಂಜಾನಿ ಎಂಟರ ಬಸ್ಸಿಗೆ’ ಅಂತ ಹೇಳ್ಬೇಕು ನಾ.”

ಎರಡು ವರ್ಷದಲ್ಲಿ ಅವಳು ತಾನಾಗಿ ಬೇಕೆಂದದ್ದು ಅದೊಂದೇ.

ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಗೆ ಅಪ್ಪ, ಅಕ್ಕ, ನಾನು ಮೂವರೂ ಹೋದೆವು. ಅಂಗಡಿಯವನ ಬಳಿ ಅರ್ಜಿಗೆ ಒಂದು ಮಾದರಿ ಸಿದ್ಧವಿತ್ತು. ಹೆಸರು ಕೇಳಿ ಟೈಪ್ ಮಾಡಿದ, ಕಾಗದ ಹೊರಬಂತು. ಮೇಲೆ ‘ಬಯೋಡಾಟಾ’ ಎಂಬ ದಪ್ಪ ಅಕ್ಷರ, ಬಲಕ್ಕೆ ಫೋಟೋ ಅಂಟಿಸಲು ಖಾಲಿ ಚೌಕ. ಓದುತ್ತ ಹೋದಂತೆ ನನಗೆ ನಗು ತಡೆಯಲಾಗಲಿಲ್ಲ. ಜಿಲ್ಲೆ: ಧಾರವಾಡ. ಬಣ್ಣ: ಗೋಧಿ. ಕೊನೆಯ ಸಾಲು: ‘ನಿರೀಕ್ಷೆ: ನೌಕರಿಯಲ್ಲಿರುವ ಸುಶೀಲ ವರ.’

“ಅಣ್ಣಾರ, ನಮ್ಮಕ್ಕ ಸಾಲಿ ಮಾಸ್ತರಕಿ ಕೇಳಾಕತ್ತಾಳ್ರಿ, ಮಾಸ್ತರನ್ನ ಅಲ್ಲ.”

“ಅಯ್ಯ, ಅದು ಲಗ್ನದ ಬಯೋಡಾಟಾ ಉಳದೈತಿ,” ಎಂದು ಅವನು ಕಿವಿಯವರೆಗೂ ಕೆಂಪಾದ. “ಎರಡಕ್ಕೂ ಒಂದ ಫೈಲ್ ಐತಿರಿ. ಕಡೀ ಸಾಲು ಅಳಸೂದಷ್ಟ ಮರತೆ.”

ಅಪ್ಪನೂ ನಕ್ಕ. ನನ್ನ ನಗು ಅಲ್ಲಿಗೇ ನಿಂತಿತು. ಹೆಣ್ಣು ನೋಡಲು ಬಂದವರು ಕೇಳುವುದನ್ನೂ ಪಾಠ ಕಲಿಸಲು ಕರೆಯುವವರು ಕೇಳುವುದನ್ನೂ ಒಂದೇ ಫೈಲಿನಲ್ಲಿ ಇಟ್ಟರೆ ತಪ್ಪು ಕಡೆಯ ಸಾಲಿನದಷ್ಟೇ ಅಲ್ಲವಲ್ಲ. ಹುಟ್ಟಿದ ದಿನಾಂಕದ ಕೆಳಗೇ ‘ವೈವಾಹಿಕ ಸ್ಥಿತಿ’ ಎಂದಿತ್ತು. ಅದರ ಮುಂದೆ ಚುಕ್ಕಿಗಳ ಸಾಲು. ಅಂಗಡಿಯವನು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ತಗೀರಿ ಅದನ್ನ,” ಎಂದೆ. “ವಯಸ್ಸು, ಲಗ್ನ, ಫೋಟೋ, ಮೂರೂ ತಗೀರಿ. ಕಲಸೂ ಕೆಲಸಕ್ಕ ಇವು ಯಾಕ ಬೇಕು?”

“ಮುಚ್ಚಿಟ್ರ ಸಂಶೇ ಬರ್ತೈತಲೇ,” ಎಂದ ಅಪ್ಪ. “ಲಗ್ನ ಆಗೇತಿ ಅಂತ ಬರದ್ರ ಸುಳ್ಳೇನಲ್ಲ.”

“ಸುಳ್ಳಲ್ಲಪ್ಪಾ, ಖರೆ. ಆದ್ರ ಅದನ್ನ ಓದಿದೋರು ಮುಂದ ಗಂಡನ ಹೆಸರು ಕೇಳ್ತಾರ, ಅಂವ ಎಲ್ಲಿ ಅದಾನ ಅಂತಾರ. ಆಗೇನು ಹೇಳ್ತಿ? ಹೇಳದಿರೂದು ಸುಳ್ಳಲ್ಲ. ಕೇಳಲಾರದ್ದನ್ನ ಹೇಳೂದು ಪ್ರಾಮಾಣಿಕತನಾನೂ ಅಲ್ಲ.”

“ಈಕಿನ್ನ ಕೋರ್ಟಿಗೆ ಕಳಸ್ರಿ,” ಎಂದ ಅಂಗಡಿಯವನು.

ಆಗ ಅಕ್ಕ ಚೀಲದಿಂದ ಜಾಹೀರಾತಿನ ತುಂಡು ತೆಗೆದು, ತರಗತಿಯಲ್ಲಿ ಓದುವಂತೆ ನಿಧಾನವಾಗಿ ಓದಿದಳು. ವಿದ್ಯಾರ್ಹತೆ, ಅನುಭವ. ವಯಸ್ಸು ಮೂವತ್ತೈದು ಮೀರಿರಬಾರದು. ಪ್ರಮಾಣಪತ್ರಗಳ ನಕಲು. ಅರ್ಜಿ ಸ್ವಂತ ಕೈಬರಹದಲ್ಲಿರಬೇಕು.

ನಾಲ್ಕು ಸಲ ಓದಿದ್ದೆ ನಾನದನ್ನು. ಅದರಲ್ಲಿ ಏನಿಲ್ಲ ಎಂದು ಹುಡುಕುವ ಭರದಲ್ಲಿ ಏನಿದೆ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ.

“ವಯಸ್ಸು ಕೇಳ್ಯಾರ, ಹೇಳೂನು. ಮೂವತ್ತೊಂದು. ನಾಚಗಿ ಏನೈತಿ ಅದರಾಗ?” ಎಂದಳು ಅಕ್ಕ. “ಲಗ್ನದ್ದು ಕೇಳಿಲ್ಲ, ಫೋಟೋ ಕೇಳಿಲ್ಲ. ಕೇಳಿದ್ದಕ್ಕಷ್ಟ ಉತ್ತರ. ನನ್ನ ಹುಡುಗ್ರಿಗೆ ಪರೀಕ್ಷಾದಾಗ ಇದನ್ನ ಹೇಳ್ತಿದ್ದೆ.”

ಫೋಟೋದ ವಿಷಯದಲ್ಲಿ ನಾನು ಜೋರಾಗಿ ತಲೆಯಾಡಿಸಿದೆ. ನನಗೆ ತಿಳಿದಂತೆ ಅವಳ ಬಳಿ ಇದ್ದದ್ದು ಒಂದೇ. ಮದುವೆಯ ಚಿತ್ರದಿಂದ ಕತ್ತರಿಸಿದ್ದು. ಎಷ್ಟೇ ಹುಷಾರಾಗಿ ಕತ್ತರಿಸಿದ್ದರೂ ಎಡ ಅಂಚಿನಲ್ಲಿ ಗಂಡನ ಕೋಟಿನ ತೋಳು ಒಂದಿಷ್ಟು ಉಳಿದೇ ಇತ್ತು.

ಮನೆಗೆ ಬಂದು ಅವಳೇ ಬರೆದಳು. ಗೆರೆಯಿಲ್ಲದ ಹಾಳೆಯಲ್ಲಿ ಗೆರೆ ಎಳೆದಷ್ಟು ನೇರವಾದ ಸಾಲುಗಳು. ಹೆಸರಿನ ಹಿಂದೆ ಏನು ಹಾಕುತ್ತಾಳೆಂದು ನಾನು ಬಗ್ಗಿ ನೋಡುತ್ತಿದ್ದೆ. ಆ ಅಂಗಡಿಯ ಹಾಳೆಯಲ್ಲಿ ‘ಕು./ಶ್ರೀಮತಿ’ ಎಂದಿತ್ತು. ವೈವಾಹಿಕ ಸ್ಥಿತಿಯ ಸಾಲನ್ನೇ ತೆಗೆದರೂ ಆ ಮೂರಕ್ಷರ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಪೆನ್ನು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಬರೀ ಹೆಸರು ಬರೆದಳು. ಹಿಂದೆ ಏನೂ ಇಲ್ಲದ ಅವಳ ಹೆಸರನ್ನು ನಾನು ಎಷ್ಟೋ ವರ್ಷಗಳ ನಂತರ ನೋಡಿದೆ.

ಲಕೋಟೆ ಅಂಟಿಸಲು ಅನ್ನದ ಅಗುಳು ತರಲು ಅಡುಗೆಮನೆಗೆ ಎರಡು ಸಲ ಹೋದಳು. ಮುಚ್ಚಿದ ಲಕೋಟೆಯನ್ನು ನಾನು ಅಂಚೆಗೆ ಹಾಕಿ ಬಂದೆ.

ಸಂದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆ, ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಬಾಗಿಲು ತೆರೆದೇ ಇತ್ತು. ಮುಖ್ಯೋಪಾಧ್ಯಾಯಿನಿ ಕಾಗದಗಳನ್ನು ಮಗುಚುತ್ತ ಒಂದು ಪದ್ಯ ಓದಿಸಿದರು, ಅರ್ಥ ಕೇಳಿದರು. ಕೊನೆಗೆ, “ಬೆಟಗೇರಿಯಿಂದ ದಿನಾ ಬರ್ತೀರೇನ್ರಿ, ಇಲ್ಲೇ ಮನಿ ಮಾಡ್ತೀರಿ?”

“ದಿನಾ ಬರ್ತೀನ್ರಿ ಬಾಯಾರ.”

ಅಷ್ಟೇ. ತಿರುಗಿ ಬರುವ ಬಸ್ಸಿನಲ್ಲಿ, ಡಂಬಳ ದಾಟುವಾಗ, ನಾನು ಗೆದ್ದವಳಂತೆ ಹೇಳಿದೆ: “ನೋಡಿದೇನ? ಬರೀಲಿಲ್ಲ, ಅದಕ್ಕ ಕೇಳಲಿಲ್ಲ.”

ಅಕ್ಕ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. “ಹುಚ್ಚಿ, ಅನುಭವದ ಪತ್ರಾ ಓದಿಯೇನ? ಲಕ್ಷ್ಮೇಶ್ವರದ ಸಾಲಿಯವರು ‘ಶ್ರೀಮತಿ’ ಅಂತ ಹಾಕಿ, ಮುಂದ ಗಂಡನ ಮನಿತನದ ಹೆಸರೂ ಬರದಾರ. ಎಸ್ಸೆಸ್ಸೆಲ್ಸಿ ಕಾರ್ಡಿನಾಗ ಅಪ್ಪಂದು. ಎರಡನ್ನೂ ಒಂದರ ಮ್ಯಾಲೊಂದು ಇಟ್ಕೊಂಡ ಕುಂತಿದ್ರು ಬಾಯಾರು.”

ಅಂದರೆ ನಾನು ಮುಂಬಾಗಿಲಿನಿಂದ ಓಡಿಸಿದ್ದು ಝೆರಾಕ್ಸ್ ಪ್ರತಿಯ ಬೆನ್ನೇರಿ ಹಿತ್ತಿಲಿನಿಂದ ಒಳಗೆ ಬಂದಿತ್ತು. ಆ ಮುಖ್ಯೋಪಾಧ್ಯಾಯಿನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ನನ್ನ ವಾದಕ್ಕೆ ಇದರಲ್ಲಿ ಎಷ್ಟು ಪಾಲು? ಅಪ್ಪನಿಗೆ ಇದನ್ನು ಹೇಳಿದೆ. ಅವನು ಕಥೆ ಬದಲಿಸಲಿಲ್ಲ.

ನೇಮಕದ ಪತ್ರ ಬಂತು. ಹಾಜರಾಗುವ ದಿನ ಮೂಲ ಪ್ರಮಾಣಪತ್ರಗಳನ್ನೂ, ಶಾಲೆಯ ದಾಖಲೆಗೆ ಎರಡು ಫೋಟೋಗಳನ್ನೂ ತರಬೇಕೆಂದಿತ್ತು. ಕೆಲಸ ಕೊಟ್ಟ ಮೇಲೆ ಮುಖ ಕೇಳುವುದು ನ್ಯಾಯ, ಒಪ್ಪಿದೆ. “ನಡಿ, ಸ್ಟುಡಿಯೋಕ್ಕ ಹೋಗೂನು,” ಎಂದೆ.

“ಬ್ಯಾಡ, ಅದಾವ,” ಎಂದು ಅವಳು ಟ್ರಂಕಿನಿಂದ ಒಂದು ಸಣ್ಣ ಕವರು ತೆಗೆದಳು.

ಎರಡು ಹೊಸ ಫೋಟೋ. ತೋಳು ಗೀಳು ಯಾರದೂ ಇಲ್ಲ. ಒಬ್ಬಳೇ ಅಕ್ಕ, ತುಟಿ ಬಿಗಿಹಿಡಿದರೂ ಕಣ್ಣಲ್ಲಿ ನಗು ಒಳಗೆ ನಿಲ್ಲದೆ ಹೊರಗೆ ಬಂದಿದೆ. ಮದುವೆಯ ಚಿತ್ರದಲ್ಲಿ ಆ ಕಣ್ಣು ನಾನು ನೋಡಿರಲಿಲ್ಲ. ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದೆ. ಆಮೇಲೆ ಹಳೆಯ ಚಾಳಿ, ಕವರು ತಿರುಗಿಸಿದೆ. ಸ್ಟುಡಿಯೋದವನು ಪೆನ್ನಿನಲ್ಲಿ ಬರೆದಿದ್ದ ತಾರೀಖು ನಾವು ಡಿಟಿಪಿ ಅಂಗಡಿಗೆ ಹೋದ ದಿನದ ಹಿಂದಿನ ದಿನದ್ದು. ಕೆಳಗೆ ‘3 ಪ್ರತಿ’ ಎಂದಿತ್ತು.

ಫೋಟೋ ಬೇಡವೆಂದು ನಾನು ಅಂಗಡಿಯಲ್ಲಿ ಗಂಟಲು ಹರಿದುಕೊಳ್ಳುವಾಗ ಇವು ಅವಳ ಬಳಿ ಇದ್ದವು. ಎರಡನೆಯ ಸಲ ಅವಳು ಅಗುಳು ತಂದದ್ದು ನೆನಪಾಯಿತು; ಲಕೋಟೆ ಅಂಟಿಸಲು ಒಂದು ಸಲದ್ದೇ ಸಾಕಿತ್ತು.

ಅವಳು ಮರುದಿನದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು, ಮುಂಜಾನೆ ಎಂಟರ ಬಸ್ಸಿಗೆ.

“ಅಕ್ಕಾ,” ಎಂದೆ, “ಮೂರನೇದು ಎಲ್ಲೈತಿ?”